ಮಗನ ಬೆರಳಲ್ಲಿ ಸಿಕ್ಕಿಬಿದ್ದ ಉಂಗುರ: ಹಾಸ್ಟೆಲ್ ವಾರ್ಡನ್ ಸರ್ ಅವರಿಗೆ ಪತ್ರ

ವಾರ್ಡನ್ ಸರ್ ಅವರಿಗೆ ನಮಸ್ಕಾರಗಳು.

ಎಂಟನೇ ತರಗತಿಯ ನನ್ನ ಮಗ ಈಗ ಮನೆಯಲ್ಲಿದ್ದಾನೆ. ಕಿಟಕಿ ಪಕ್ಕ ಕೂತು ಎಡಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಬಲಗೈಯಲ್ಲಿ ಗಣಿತ ಬರೆಯುತ್ತಿದ್ದಾನೆ. ಬೆರಳು ಉಳಿಯಿತು. ಮೊದಲು ಅದನ್ನೇ ಹೇಳಬೇಕು ಅಂತ ಬರೆದೆ, ನೀವೂ ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ ಅಂತ ನನಗೆ ಗೊತ್ತು.

ಶನಿವಾರ ನಡೆದದ್ದನ್ನು ಶುರುವಿನಿಂದ ಬರೆಯುತ್ತೇನೆ. ಯಾರ ಮೇಲೂ ತಪ್ಪು ಹೊರಿಸಲು ಅಲ್ಲ. ಆ ದಿನ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಮೊದಲು ಹೋದ ಕ್ಲಿನಿಕ್ಕಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇದನ್ನು ಪಾಲಕರ ಸಭೆಯಲ್ಲಿ ಓದಿ ಹೇಳಿದರೂ ನನ್ನ ಅಭ್ಯಂತರ ಇಲ್ಲ. ಮಗನ ಹೆಸರು ಹೇಳಬೇಡಿ, ಅಷ್ಟೇ.

ಆ ಉಂಗುರ ಸಿರ್ಸಿಯ ಮಾರಿಕಾಂಬಾ ಜಾತ್ರೆಯದ್ದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಲ್ವಾ, ಮಕ್ಕಳು ಕೇಳಿದ್ದನ್ನೆಲ್ಲ ಕೊಡಿಸುತ್ತೇವೆ. ಬಳೆ ಅಂಗಡಿಗಳ ಸಾಲಿನಲ್ಲಿ ಐವತ್ತು ರೂಪಾಯಿಗೆ ತೆಗೆದುಕೊಂಡದ್ದು. ಅಗಲವಾದ ಸ್ಟೀಲ್ ಉಂಗುರ, ಮೇಲೆ ಹುಲಿ ಮುಖ. ಆಗ ಸಡಿಲವಾಗಿತ್ತು, ಬಿದ್ದು ಹೋಗುತ್ತದೆ ಅಂತ ಒಳಗೆ ನಾನೇ ದಾರ ಸುತ್ತಿ ಕೊಟ್ಟಿದ್ದೆ. ಬೆಳೆಯುವ ಹುಡುಗನ ಬೆರಳು. ಯಾವಾಗ ಆ ದಾರ ಬಿಚ್ಚಿದ, ಯಾವಾಗ ಉಂಗುರ ಬಿಗಿಯಾಯಿತು, ನನಗೆ ತಿಳಿಯಲೇ ಇಲ್ಲ. ಸ್ಟೀಲ್ ಅನ್ನೋದು ಮುಂದೆ ಇಷ್ಟು ದೊಡ್ಡ ವಿಷಯ ಆಗುತ್ತದೆ ಅಂತಲೂ ಗೊತ್ತಿರಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ವಾಲಿಬಾಲ್ ಆಡುವಾಗ ಚೆಂಡು ನೇರ ಎಡಗೈಯ ಉಂಗುರ ಬೆರಳಿನ ತುದಿಗೆ ಬಡಿಯಿತಂತೆ. ಸ್ವಲ್ಪ ಹೊತ್ತು ಕೈ ಒದರಿಕೊಂಡು ಮತ್ತೆ ಆಡಿದ. ಆಗ ಉಂಗುರ ಇನ್ನೂ ತಿರುಗುತ್ತಿತ್ತು ಅಂತ ಅವನೇ ಹೇಳಿದ. ಸರ್, ಈ ಮಾತು ನೆನಪಿಡಿ. ಆ ಹೊತ್ತಿನಲ್ಲಿ ತೆಗೆದಿದ್ದರೆ ಸೋಪು ಕೂಡ ಬೇಕಾಗುತ್ತಿರಲಿಲ್ಲ.

ಊಟದ ಹೊತ್ತಿಗೆ ಬೆರಳು ಊದಿತು. ನಿಮ್ಮ ಹತ್ತಿರ ಬರಲು ಹೆದರಿದ, ಹಾಸ್ಟೆಲಿನಲ್ಲಿ ಉಂಗುರ ಹಾಕಬಾರದು ಅಂತ ನೀವು ಹೇಳಿದ್ದಿರಿ. ಗೆಳೆಯರು ಬಚ್ಚಲಿಗೆ ಕರೆದುಕೊಂಡು ಹೋಗಿ ಬಟ್ಟೆ ಸೋಪು ಹಚ್ಚಿದರು. ಒಬ್ಬ ಕೈ ಹಿಡಿದ, ಇನ್ನೊಬ್ಬ ಉಂಗುರ ಎಳೆದ. ಉಂಗುರ ಗೆಣ್ಣಿನ ತನಕ ಬಂದು ನಿಂತಿತು. ಚರ್ಮ ಸುಲಿಯಿತು. ಮಕ್ಕಳು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆದರೆ ಡಾಕ್ಟರ್ ಹೇಳಿದರು, ಜೋರಾಗಿ ಎಳೆದ ಒಂದೊಂದು ಸಲವೂ ಗೆಣ್ಣು ಇನ್ನಷ್ಟು ಊದುತ್ತದೆ. ಉಂಗುರವನ್ನು ನೇರ ಎಳೆಯಬಾರದು, ತಿರುಪಿನ ಮುಚ್ಚಳ ತೆಗೆದ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಾ ನಿಧಾನ ಮುಂದೆ ತರಬೇಕು. ಒಂದೆರಡು ಸಲ ನೋಡಿ ಬರಲಿಲ್ಲ ಅಂದರೆ ಬಿಡಬೇಕು.

ನೀವು ನೋಡಿದ್ದು ಮೂರು ಗಂಟೆಗೆ. ಐಸ್ ಇಟ್ಟಿರಿ, ನೋವಿನ ಮುಲಾಮು ತಿಕ್ಕಿದಿರಿ. ಐಸ್ ಒಳ್ಳೆಯದೇ, ಬಟ್ಟೆಯಲ್ಲಿ ಸುತ್ತಿ ಐದತ್ತು ನಿಮಿಷ ಇಡಬೇಕಿತ್ತು, ಜೊತೆಗೆ ಕೈ ಎತ್ತಿ ಹಿಡಿಯಬೇಕಿತ್ತು, ಎದೆಗಿಂತ ಮೇಲೆ. ಅವನು ಕೈ ಕೆಳಗೆ ಇಳಿಬಿಟ್ಟುಕೊಂಡೇ ಕೂತಿದ್ದ. ತಿಕ್ಕಿದ್ದು ಒಳ್ಳೆಯದಾಗಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಡಾಕ್ಟರ್ ಹೇಳಿದ್ದು. ನಾನಿದ್ದರೂ ಮುಲಾಮೇ ತಿಕ್ಕುತ್ತಿದ್ದೆ.

ನಾಲ್ಕೂಕಾಲಿಗೆ ನಿಮ್ಮ ಫೋನು ಬಂತು. ಮಗನ ಕೈಗೆ ಫೋನು ಕೊಡಿ ಅಂದೆ. ಅವನು ಅಳಲಿಲ್ಲ. "ಆಯಿ, ಬೆರಳು ನಂದಲ್ಲ ಅನ್ಸ್ತಾ ಇದ್ದು" ಅಂದ. ನೋವು ಅಂದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾನು ಹೊರಟೆ ಅಂತ ಹೇಳಿ ಕುಮಟಾ ಬಸ್‌ಸ್ಟ್ಯಾಂಡಿಗೆ ಓಡಿದೆ.

ಅಲ್ಲಿಂದ ಶುರುವಾಯಿತು ನೋಡಿ ಕಾಗದದ ತೊಂದರೆ. ನಾನು ಬಸ್ಸು ಹತ್ತಿದೆ, ಮಗ ಇನ್ನೂ ಗೇಟಿನ ಒಳಗೇ ಇದ್ದ. ಹುಡುಗನನ್ನು ಹೊರಗೆ ಕಳಿಸಬೇಕಾದರೆ ಸ್ಥಳೀಯ ಪಾಲಕರ ಸಹಿ ಬೇಕು ಅಂತ ಆಫೀಸಿನವರು ಹೇಳಿದರು. ಸ್ಥಳೀಯ ಪಾಲಕ ಅಂದರೆ ನನ್ನ ತಮ್ಮ, ಅವನು ಆ ದಿನ ತೋಟದಲ್ಲಿದ್ದ, ಫೋನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಫೋನಿನಲ್ಲಿ ನಾನೇ ಒಪ್ಪಿಗೆ ಹೇಳಿದೆ, ಸಾಲುವುದಿಲ್ಲ ಅಂದರು. ಕೊನೆಗೆ ಬಸ್ಸಿನಲ್ಲಿ ಪಕ್ಕದವರ ಹತ್ತಿರ ಪೆನ್ನು ಕೇಳಿ, ಔಷಧದ ಚೀಟಿಯ ಹಿಂದೆ "ನನ್ನ ಮಗನನ್ನು ಚಿಕಿತ್ಸೆಗೆ ಕರೆದೊಯ್ಯಲು ಮತ್ತು ಉಂಗುರ ಕತ್ತರಿಸಲು ನನ್ನ ಒಪ್ಪಿಗೆ ಇದೆ" ಅಂತ ಬರೆದು, ಸಹಿ ಹಾಕಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ದೇವಿಮನೆ ಘಟ್ಟ ಹತ್ತಿದ ಮೇಲೆ ಸಿಗ್ನಲ್ ಹೋಗುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಘಟ್ಟದ ಬುಡದಲ್ಲೇ ಕಳಿಸಿದೆ. ಎರಡು ನೀಲಿ ಗೆರೆ ಬಂದ ಮೇಲೆ ಉಸಿರು ಬಿಟ್ಟೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ಗೇಟಿನ ನಿಯಮ ಬೇಡ ಅಂತ ನಾನು ಹೇಳುವುದಿಲ್ಲ, ಮಕ್ಕಳ ಸುರಕ್ಷತೆಗೆ ಬೇಕು. ಆದರೆ ಪ್ರವೇಶದ ದಿನವೇ ಪಾಲಕರಿಂದ ಒಂದು ಹಾಳೆ ಬರೆಸಿಕೊಳ್ಳಬಹುದು: ತುರ್ತು ಸಮಯದಲ್ಲಿ ವಾರ್ಡನ್ ಯಾರಿಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬಹುದು ಅಂತ. ಕೆಳಗೆ ಎರಡು ಫೋನ್ ನಂಬರ್, ಮಗುವಿಗೆ ಯಾವ ಔಷಧಿ ಆಗುವುದಿಲ್ಲ, ಕೊನೆಯ ಟಿಟಿ ಚುಚ್ಚುಮದ್ದು ಯಾವಾಗ ಕೊಟ್ಟದ್ದು. ಕೊನೆಯದನ್ನು ಆಸ್ಪತ್ರೆಯಲ್ಲಿ ಕೇಳಿಯೇ ಕೇಳುತ್ತಾರೆ, ಚರ್ಮ ಸುಲಿದಿತ್ತಲ್ಲ. ನನಗೆ ನೆನಪಿರಲಿಲ್ಲ.

ಘಟ್ಟದಲ್ಲಿ ಮಳೆ. ಒಂದು ಕಡೆ ಮಣ್ಣು ಕುಸಿದು ಒಂದೇ ಸಾಲಿನಲ್ಲಿ ಬಸ್ಸು ಬಿಡುತ್ತಿದ್ದರು. ನಾನು ನನ್ನ ಬೆರಳಿನ ಉಂಗುರವನ್ನೇ ನೋಡುತ್ತಾ ಕೂತಿದ್ದೆ. ತಿರುಗಿಸಿದೆ, ತೆಗೆದೆ, ಪರ್ಸಿನಲ್ಲಿ ಹಾಕಿದೆ.

ನೀವು ಮೊದಲು ಹೋದದ್ದು ಹತ್ತಿರದ ಕ್ಲಿನಿಕ್ಕಿಗೆ. ಅಲ್ಲಿ ಇನ್ನೂರು ರೂಪಾಯಿ ಫೀಸು ತೆಗೆದುಕೊಂಡು, ಎಣ್ಣೆ ಹಚ್ಚಿ ಮತ್ತೆ ಎಳೆದು ನೋಡಿ, ಉಂಗುರ ಕತ್ತರಿಸುವ ಸಲಕರಣೆ ನಮ್ಮಲ್ಲಿ ಇಲ್ಲ ಅಂದರು. ಇದನ್ನು ಹೋಗುವ ಮೊದಲೇ ಫೋನಿನಲ್ಲಿ ಕೇಳಬಹುದು ಅಂತ ಆಮೇಲೆ ಹೊಳೆಯಿತು. "ರಿಂಗ್ ಕಟರ್ ಇದೆಯಾ?" ಒಂದೇ ಪ್ರಶ್ನೆ. ಎಲ್ಲ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ.

ದೊಡ್ಡ ಆಸ್ಪತ್ರೆ ಮುಟ್ಟಿದ್ದು ಆರೂಕಾಲಿಗೆ. ನಾನು ಏಳಕ್ಕೆ ಬಂದೆ. ಬೆರಳು ನೋಡಿದ ಕ್ಷಣ ಮರೆಯುವುದಿಲ್ಲ. ಉಂಗುರದ ಕೆಳಗೆ ಮಾಮೂಲಿ ಬೆರಳು, ಉಂಗುರದ ಮೇಲೆ ನೇರಳೆ ಹಣ್ಣಿನ ಬಣ್ಣ, ಚರ್ಮ ಮಿರಿಮಿರಿ ಮಿಂಚುತ್ತಿತ್ತು. ಮುಟ್ಟಿದರೆ ತಣ್ಣಗೆ.

ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು, ತುಂಬಾ ತಾಳ್ಮೆಯವರು. ಮಗನ ಉಗುರನ್ನು ಒತ್ತಿ ಬಿಟ್ಟರು. ಒತ್ತಿದಾಗ ಬೆಳ್ಳಗಾದ ಉಗುರು ಮತ್ತೆ ಕೆಂಪಾಗಲು ಎಷ್ಟು ಹೊತ್ತು ಬೇಕು ಅಂತ ಎಣಿಸಿದರು. ಬಲಗೈ ಉಗುರಿಗೆ ಎರಡು ಸೆಕೆಂಡು ಕೂಡ ಬೇಕಾಗಲಿಲ್ಲ. ಎಡಗೈಯ ಆ ಬೆರಳಿಗೆ ಐದು ದಾಟಿತು. ರಕ್ತ ಬೆರಳಿನ ಒಳಗೆ ಹೋಗುವ ನಾಳದಲ್ಲಿ ಒತ್ತಡ ಜಾಸ್ತಿ, ವಾಪಸು ಬರುವ ನಾಳ ತೆಳು, ಒತ್ತಡ ಕಡಿಮೆ. ಉಂಗುರ ಬಿಗಿಯಾದಾಗ ಮೊದಲು ಮುಚ್ಚುವುದು ವಾಪಸಿನ ದಾರಿ. ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದಿಲ್ಲ. ಹಾಗಾಗಿ ಊತ ಜಾಸ್ತಿ, ಊತ ಜಾಸ್ತಿಯಾದಷ್ಟು ಉಂಗುರ ಬಿಗಿ. ಕೊನೆಗೆ ಒಳಗೆ ಬರುವ ದಾರಿಯೂ ಮುಚ್ಚುತ್ತದೆ. ನಾಳೆ ಬೆಳಿಗ್ಗೆ ತನಕ ನೋಡೋಣ ಅನ್ನುವ ಹಾಗೆಯೇ ಇಲ್ಲ, ಇದು ತಾನಾಗಿ ಕಡಿಮೆ ಆಗುವುದಿಲ್ಲ ಅಂದರು. ನೀವು ಹಾಸ್ಟೆಲಿನಲ್ಲೇ ಈ ಉಗುರಿನ ಪರೀಕ್ಷೆ ಮಾಡಬಹುದು ಸರ್. ಇನ್ನೊಂದು ಕೈಯ ಅದೇ ಬೆರಳಿನ ಜೊತೆ ಹೋಲಿಸಿ ನೋಡಿದರೆ ಸಾಕು. ಬಣ್ಣ ನಿಧಾನ ಬಂದರೆ, ಬೆರಳು ಜೋಮು ಹಿಡಿದರೆ, ನೀಲಿ ಅಥವಾ ಬಿಳಿ ಆದರೆ, ಆಮೇಲೆ ಸೋಪು ಎಣ್ಣೆ ಏನೂ ಬೇಡ, ಗಾಡಿ ತೆಗೆಯಿರಿ.

ಆಸ್ಪತ್ರೆಯಲ್ಲಿ ರಿಂಗ್ ಕಟರ್ ಇತ್ತು. ಡಬ್ಬಿ ತೆರೆಯುವ ಸಲಕರಣೆಯ ಹಾಗೆ ಕಾಣುತ್ತದೆ. ಒಂದು ತೆಳು ನಾಲಿಗೆ ಉಂಗುರದ ಕೆಳಗೆ ಹೋಗಿ ಚರ್ಮವನ್ನು ಕಾಯುತ್ತದೆ, ಮೇಲೆ ಸಣ್ಣ ಹಲ್ಲಿನ ಚಕ್ರ, ಕೈಯಲ್ಲಿ ತಿರುಗಿಸುವುದು. ಚಿನ್ನ, ಬೆಳ್ಳಿ, ತಾಮ್ರದ ಉಂಗುರವಾದರೆ ಕೆಲವೇ ನಿಮಿಷದ ಕೆಲಸವಂತೆ. ಸ್ಟೀಲಿನ ಮೇಲೆ ಆ ಚಕ್ರ ಜಾರಿತು. ಇಪ್ಪತ್ತು ನಿಮಿಷ ತಿರುಗಿಸಿದರು. ಹುಲಿ ಮುಖದ ಪಕ್ಕ ಕೂದಲೆಳೆಯಷ್ಟು ಗೀರು ಬಿತ್ತು, ಚಕ್ರದ ಹಲ್ಲು ಸವೆಯಿತು.

ಸುಮ್ನೆ ಐವತ್ತು ರೂಪಾಯಿಯ ಉಂಗುರ ಅಂದುಕೊಂಡಿದ್ದೆ ಸರ್. ಅಜ್ಜಿಯ ಚಿನ್ನದ ಉಂಗುರ ಹಾಕಿಸಿದ್ದರೆ ಏಳೂವರೆಗೆ ಎಲ್ಲ ಮುಗಿಯುತ್ತಿತ್ತು. ಆಸ್ಪತ್ರೆಗೆ ಹೋಗುವಾಗ ಉಂಗುರ ಯಾವ ಲೋಹದ್ದು ಅಂತ ಮೊದಲೇ ಹೇಳಿದರೆ ಅವರು ಬೇರೆ ತಯಾರಿ ಮಾಡಿಕೊಳ್ಳುತ್ತಾರೆ. ಈಗ ಆನ್‌ಲೈನಿನಲ್ಲಿ ಟಂಗ್‌ಸ್ಟನ್ ಅಂತ ಕಪ್ಪು ಉಂಗುರ ಬರುತ್ತದಲ್ಲ, ದೊಡ್ಡ ಹುಡುಗರು ಹಾಕುತ್ತಾರೆ, ಅದನ್ನಂತೂ ಇಂಥ ಕಟರ್‌ನಿಂದ ಕತ್ತರಿಸಲು ಬರುವುದೇ ಇಲ್ಲ. ಇಕ್ಕಳದಂಥ ಸಲಕರಣೆಯಲ್ಲಿ ಮೆಲ್ಲಗೆ ಬಿಗಿ ಮಾಡುತ್ತಾ ಬಂದರೆ ಅದು ಗಾಜಿನ ಹಾಗೆ ಒಡೆಯುತ್ತದಂತೆ. ಅದನ್ನೂ ತಿಳಿದವರೇ ಮಾಡಬೇಕು.

ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡಿ, ಮಗು ನೋವು ತಿನ್ನುತ್ತಿದ್ದಾನೆ ಅಂತ ನಾನು ಕೇಳಿದೆ. ಆ ಔಷಧಿಯೂ ಬೆರಳಿನ ಒಳಗೇ ಜಾಗ ಹಿಡಿಯುತ್ತದೆ ಅಮ್ಮ, ಅದರಿಂದಲೂ ಸ್ವಲ್ಪ ಊದುತ್ತದೆ, ಬೇಕೇ ಬೇಕಾದರೆ ಕೊಡುತ್ತೇನೆ ಅಂದರು. ಮಗ ಬೇಡ ಅಂದ.

ಆಗ ಡಾಕ್ಟರ್ ಎರಡು ದಾರಿ ಹೇಳಿದರು. ಒಂದು, ಅಗ್ನಿಶಾಮಕ ಠಾಣೆ. ಅವರ ಹತ್ತಿರ ಲೋಹ ಕತ್ತರಿಸುವ ಸಲಕರಣೆ ಇರುತ್ತದೆ, ಇಂಥ ಕೆಲಸಕ್ಕೆ ಅವರನ್ನು ಕರೆಯುವುದು ಹೊಸದಲ್ಲ. 112ಕ್ಕೆ ಫೋನ್ ಮಾಡಿದರೂ ಅವರಿಗೆ ತಿಳಿಸುತ್ತಾರೆ. ಇನ್ನೊಂದು, ಚಿನ್ನದ ಕೆಲಸದ ಶೇಟ್ರು. ಆಸ್ಪತ್ರೆಯ ಸಿಸ್ಟರ್ ಒಬ್ಬರಿಗೆ ಹತ್ತಿರದ ಓಣಿಯ ಶೇಟ್ರ ಪರಿಚಯ ಇತ್ತು. ಅಂಗಡಿ ಬಾಗಿಲು ಹಾಕಿ ಹೊರಟಿದ್ದವರು ಹತ್ತೇ ನಿಮಿಷದಲ್ಲಿ ಬಂದರು, ಕೈಚೀಲದಲ್ಲಿ ಸಣ್ಣ ಮೋಟರು, ಅದಕ್ಕೆ ನಾಲ್ಕಾಣೆ ಗಾತ್ರದ ತೆಳು ಕಟಿಂಗ್ ಚಕ್ರ.

ಅವರು ಬರುವ ತನಕ ಡಾಕ್ಟರ್ ಮಗನ ಕೈಯನ್ನು ಸಲೈನ್ ಸ್ಟ್ಯಾಂಡಿಗೆ ಎತ್ತಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟಿದ್ದರು. ಅಷ್ಟರಿಂದಲೇ ಊತ ಒಂದು ಕೂದಲು ಇಳಿಯಿತು. ಆ ಕೂದಲಿನಷ್ಟು ಜಾಗದಲ್ಲಿ ತೆಳು ಲೋಹದ ಪಟ್ಟಿಯೊಂದನ್ನು ಉಂಗುರದ ಕೆಳಗೆ ತೂರಿಸಿದರು. ಅದು ಹೋಗದೆ ಮೋಟರು ಮುಟ್ಟಿಸುವ ಹಾಗಿರಲಿಲ್ಲ.

ಕತ್ತರಿಸಿದ್ದು ಹೀಗೆ. ಎಲ್ಲರಿಗೂ ಕಣ್ಣಿಗೆ ಕನ್ನಡಕ, ಮಗನಿಗೂ. ಚಕ್ರ ಮೂರು ನಾಲ್ಕು ಸೆಕೆಂಡು ಮುಟ್ಟಿಸುವುದು, ತೆಗೆಯುವುದು. ಸಿಸ್ಟರ್ ಸಿರಿಂಜಿನಲ್ಲಿ ತಣ್ಣೀರು ಬಿಡುತ್ತಲೇ ಇರುವುದು. ಸ್ಟೀಲು ಕ್ಷಣದಲ್ಲಿ ಬಿಸಿಯಾಗುತ್ತದೆ, ನೀರು ನಿಲ್ಲಿಸಿದರೆ ಬೆರಳು ಸುಡುತ್ತದೆ. ಜೋಮು ಹಿಡಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ, ಅದಕ್ಕೆ ಮಗುವಿನ ಮಾತು ನಂಬಿ ಕೂರಬಾರದು, ನೀರು ಬಿಡುತ್ತಲೇ ಇರಬೇಕು ಅಂತ ಡಾಕ್ಟರ್ ಹೇಳುತ್ತಿದ್ದರು. ಒಂದು ಕಡೆ ಕತ್ತರಿಸಿದ ಮೇಲೆ ನಾನು ಮುಗಿಯಿತು ಅಂದುಕೊಂಡೆ. ಇಲ್ಲ. ಚಿನ್ನವಾದರೆ ಒಂದು ಕಡೆ ಕತ್ತರಿಸಿ ಅಗಲಿಸಬಹುದು, ಸ್ಟೀಲು ಬಗ್ಗುವುದಿಲ್ಲ, ಬಗ್ಗಿಸಲು ಹೋದರೆ ಅದರ ತುದಿ ಚರ್ಮಕ್ಕೆ ಹೊಗುತ್ತದೆ. ಎದುರು ಬದಿಯಲ್ಲೂ ಕತ್ತರಿಸಿದರು. ಎಂಟೂವರೆಗೆ ಉಂಗುರ ಎರಡು ಹೋಳಾಗಿ ಟ್ರೇಯಲ್ಲಿ ಬಿತ್ತು. ಆ ಸಣ್ಣ ಸದ್ದು ಇನ್ನೂ ಕಿವಿಯಲ್ಲಿದೆ.

ಬೆರಳಿನ ಸುತ್ತ ಆಳದ ಗೆರೆ, ಬೆಳ್ಳಗೆ. ನೋಡ್ತಾ ನೋಡ್ತಾ ಕೆಂಪು ಹರಡಿತು. ಅರ್ಧ ಗಂಟೆಯ ಮೇಲೆ ಉಗುರು ಒತ್ತಿದರೆ ಎರಡು ಸೆಕೆಂಡಿಗೆ ಬಣ್ಣ ಬಂತು. ಆಗ ಮಗ ಅತ್ತ, ಆಗಲೇ ನೋವು ಶುರುವಾಯಿತು. ರಕ್ತ ಬಂತು ಅಂತ ಅರ್ಥ, ಅಳಲಿ ಬಿಡಿ ಅಂದರು ಡಾಕ್ಟರ್. ನಾನೂ ಅತ್ತೆ.

ಆಮೇಲೆ ಎಕ್ಸ್‌ರೇ. ಮಧ್ಯದ ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು. ಪಕ್ಕದ ಬೆರಳಿಗೆ ಸೇರಿಸಿ ಟೇಪು ಹಾಕಿದ್ದಾರೆ, ಮೂರು ವಾರ. ಟಿಟಿ ಕೊಟ್ಟರು. ಬೆರಳ ತುದಿಯ ಜೋಮು ಪೂರ್ತಿ ಬಿಟ್ಟದ್ದು ಮಾರನೇ ದಿನ ಮಧ್ಯಾಹ್ನ.

ಖರ್ಚಿನ ಲೆಕ್ಕವನ್ನೂ ಬರೆಯುತ್ತೇನೆ, ಬೇರೆ ಪಾಲಕರಿಗೆ ಅಂದಾಜು ಸಿಗಲಿ. ಕ್ಲಿನಿಕ್ಕಿಗೆ 200, ಆಸ್ಪತ್ರೆಯಲ್ಲಿ ಚೀಟಿ, ಎಕ್ಸ್‌ರೇ, ಔಷಧಿ ಎಲ್ಲ ಸೇರಿ 900 ಚಿಲ್ಲರೆ. ಶೇಟ್ರು ಏನೂ ಬೇಡ ಅಂದರು, ಚಕ್ರ ಸವೆದಿದೆ ಅಂತ ಒತ್ತಾಯ ಮಾಡಿ 300 ಕೊಟ್ಟೆ. ರಾತ್ರಿ ತಮ್ಮನ ಮನೆಯಲ್ಲಿ ಉಳಿದೆವು. ನೀವು ಕೊಟ್ಟ ಆಟೋದ ಹಣ ನನಗೆ ಹೇಳಲಿಲ್ಲ, ದಯವಿಟ್ಟು ಹೇಳಿ.

ಈಗ ನನ್ನ ವಿನಂತಿ. ಯಾವ ಮಗುವಿಗಾದರೂ ಕೈಗೆ ಪೆಟ್ಟು ಬಿದ್ದರೆ, ಎಲ್ಲಿ ನೋವು ಅಂತ ಕೇಳುವ ಮೊದಲು ಉಂಗುರ, ಬಳೆ, ಕಡಗ ತೆಗೆಸಿ. ಕಡಜ ಕಚ್ಚಿದರೂ ಅಷ್ಟೇ. ಊತ ಬರಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತು ನಮ್ಮದು. ಇದನ್ನು ಪಿ.ಟಿ. ಸರ್ ಅವರಿಗೂ ಹೇಳಿ, ಮೈದಾನದಲ್ಲಿ ಇರುವವರು ಅವರೇ ಅಲ್ವಾ. ಉಂಗುರ ಹಾಕಿದ್ದಕ್ಕೆ ಬೈಯುತ್ತಾರೆ ಅಂತ ನನ್ನ ಮಗ ನಾಲ್ಕು ಗಂಟೆ ಕೈ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ. ನಿಯಮ ಇರಲಿ ಸರ್, ಆದರೆ ಸಿಕ್ಕಿಕೊಂಡಿದೆ ಅಂತ ಬಂದು ಹೇಳಿದ ಮಗುವಿಗೆ ಬೈಗುಳ ಇಲ್ಲ ಅಂತ ಪ್ರಾರ್ಥನೆಯ ಹೊತ್ತಿನಲ್ಲಿ ಒಮ್ಮೆ ಹೇಳಿಬಿಡಿ.

ಇನ್ನೊಂದು, ದಾರದ ಉಪಾಯ. ಇದನ್ನು ಸಿಸ್ಟರ್ ನನ್ನ ಬೆರಳಿನ ಮೇಲೇ ಮಾಡಿ ತೋರಿಸಿದರು. ಮನೆಗೆ ಬಂದು ಮೂರು ಸಲ ಮಾಡಿ ನೋಡಿದೆ. ಒಂದು ಮಾರು ಉದ್ದದ ನುಣುಪಾದ ದಾರ ಬೇಕು. ಹೂ ಕಟ್ಟುವ ದಾರ ಹರಿಯುತ್ತದೆ, ತೆಳು ಹೊಲಿಗೆ ದಾರ ಚರ್ಮಕ್ಕೆ ಕೊರೆಯುತ್ತದೆ, ಹಲ್ಲಿನ ಸಂದಿಗೆ ಹಾಕುವ ಫ್ಲಾಸ್ ಚೆನ್ನಾಗಿ ಬಂತು. ಒಂದು ತುದಿಯನ್ನು ಉಂಗುರದ ಕೆಳಗಿನಿಂದ ಅಂಗೈ ಕಡೆಗೆ ತೂರಿಸಿ ಒಂದು ಗೇಣು ಬಿಡಬೇಕು. ಉಳಿದ ಉದ್ದ ದಾರವನ್ನು ಉಂಗುರಕ್ಕೆ ತಾಗಿಸಿ ಬೆರಳಿನ ತುದಿಯ ಕಡೆಗೆ ಸುತ್ತುತ್ತಾ ಹೋಗಬೇಕು, ಸುತ್ತುಗಳ ನಡುವೆ ಸಂದಿ ಬಿಡಬಾರದು, ಗೆಣ್ಣು ದಾಟುವ ತನಕ. ಸಂದಿ ಬಿಟ್ಟರೆ ಅಲ್ಲಿ ಚರ್ಮ ಉಬ್ಬಿ ಉಂಗುರ ನಿಲ್ಲುತ್ತದೆ, ನನ್ನ ಮೊದಲ ಸಲ ಹಾಗೇ ಆಯಿತು. ಆಮೇಲೆ ಅಂಗೈ ಕಡೆಯ ತುದಿಯನ್ನು ಬೆರಳ ತುದಿಯತ್ತ ಎಳೆಯುತ್ತಾ ಸುತ್ತು ಬಿಚ್ಚುತ್ತಾ ಬಂದರೆ, ಉಂಗುರ ದಾರದ ಮೇಲೆ ಒಂದೊಂದೇ ಸುತ್ತು ಮುಂದೆ ಬರುತ್ತದೆ. ನೋವಾಗುತ್ತದೆ, ಮಗುವಿಗೆ ಮೊದಲೇ ಹೇಳಿ. ಬಿಗಿದು ಸುತ್ತುವುದರಿಂದ ಹೆಚ್ಚು ಹೊತ್ತು ಬಿಡಬಾರದು.

ಆದರೆ ಇದು ನನ್ನ ಮಗನಿಗೆ ಮಾಡುವಂಥದ್ದಲ್ಲ ಅಂತ ಸಿಸ್ಟರ್ ಹೇಳಿದರು. ಪೆಟ್ಟು ಬಿದ್ದು ಮೂಳೆಯ ಅನುಮಾನ ಇದ್ದರೆ, ಚರ್ಮ ಸುಲಿದಿದ್ದರೆ, ಬೆರಳು ಬಣ್ಣ ತಿರುಗಿದ್ದರೆ ದಾರ ಸುತ್ತಬಾರದು. ಬೆಳೆದ ಬೆರಳಿಗೆ ಉಂಗುರ ಬಿಗಿಯಾಗಿ, ಸೋಪಿಗೆ ಬಾರದಿದ್ದಾಗ ಮಾತ್ರ. ನಿಮ್ಮ ಹಾಸ್ಟೆಲಿನಲ್ಲಿ ಅಂಥ ಮಕ್ಕಳು ಈಗಲೂ ಇದ್ದಾರೆ ಸರ್. ಮಗನ ರೂಮಿನಲ್ಲೇ ಇಬ್ಬರಿದ್ದಾರೆ ಅಂದ, ಒಬ್ಬನದು ತಾಮ್ರದ್ದು, ಇನ್ನೊಬ್ಬನದು ಸ್ಟೀಲಿನದೇ, ಅದೇ ಜಾತ್ರೆಯದ್ದು. ಇವತ್ತೇ ತೆಗೆಸಿ ನೋಡಿ, ತಂಪು ಹೊತ್ತಿನಲ್ಲಿ ಬೆರಳು ಸಣ್ಣಗಿರುತ್ತದೆ, ಸುಲಭ.

ಸೋಮವಾರ ಮೊದಲ ಬಸ್ಸಿಗೆ ಹೊರಟು ಮಗನನ್ನು ಬಿಡಲು ಬರುತ್ತೇನೆ. ಟೇಪು ಹಾಕಿರುವುದರಿಂದ ಬಟ್ಟೆ ಒಗೆಯುವ ಸರದಿಯಿಂದ ಮೂರು ವಾರ ಅವನನ್ನು ಬಿಡಿ, ಆಟವೂ ಬೇಡ. ಮಲಗುವಾಗ ಕೈ ಕೆಳಗೆ ದಿಂಬು ಇಡಲು ನೆನಪು ಮಾಡಿ. ಒಪ್ಪಿಗೆಯ ಹಾಳೆಯನ್ನು ಬರೆದು ಸಹಿ ಹಾಕಿ ತರುತ್ತೇನೆ, ತಮ್ಮನ ಸಹಿಯೂ ಇರುತ್ತದೆ. ಫ್ಲಾಸ್ ಡಬ್ಬಿ ಎರಡು ತೆಗೆದುಕೊಂಡಿದ್ದೇನೆ, ಒಂದು ನಿಮ್ಮ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ, ಇನ್ನೊಂದು ಹುಡುಗಿಯರ ಹಾಸ್ಟೆಲಿನ ಮೇಡಂ ಅವರಿಗೆ. ಹತ್ತು ನಿಮಿಷ ಸಮಯ ಕೊಟ್ಟರೆ ಇಬ್ಬರಿಗೂ ಸುತ್ತುವುದನ್ನು ಮಾಡಿ ತೋರಿಸುತ್ತೇನೆ.

ಇತಿ,
ಎಂಟನೇ ತರಗತಿಯ ಹುಡುಗನ ತಾಯಿ,
ಕುಮಟಾ